ಮನೆಯ ಕ್ಯಾಮೆರಾ, ಹೊರಗಿನ ಕಣ್ಣು

ಮನೆಗೆ ಹಾಕಿಸುವ ಸಿಸಿ ಕ್ಯಾಮೆರಾ ವ್ಯವಸ್ಥೆಯಲ್ಲಿ ಗೋಡೆಯ ಮೇಲಿನ ಕ್ಯಾಮೆರಾಗಿಂತ ಟಿವಿಯ ಪಕ್ಕದಲ್ಲೋ ಅಟ್ಟದ ಮೇಲೋ ಕುಳಿತಿರುವ ಡಿವಿಆರ್ ಪೆಟ್ಟಿಗೆ ಮುಖ್ಯವಾದದ್ದು. ಅದು ಚಿತ್ರ ದಾಖಲಿಸುವ ಯಂತ್ರ ಮಾತ್ರವಲ್ಲ, ಒಂದು ಪುಟ್ಟ ಕಂಪ್ಯೂಟರ್ ಕೂಡ. ಅದಕ್ಕೆ ತನ್ನದೇ ಆದ ತಂತ್ರಾಂಶವಿದೆ, ಬಳಕೆದಾರರ ಪಟ್ಟಿ ಇದೆ, ಕೇಳಿದವರಿಗೆ ಚಿತ್ರ ಕಳಿಸುವ ಸರ್ವರ್ ಕೂಡ ಅದರೊಳಗೇ ಇದೆ. ರೌಟರ್‌ನಿಂದ ಬಂದ ಲ್ಯಾನ್ ಕೇಬಲ್ಲನ್ನು ಅದಕ್ಕೆ ಚುಚ್ಚಿದ ಗಳಿಗೆಯಿಂದ, ಸರಿಯಾದ ಗುರುತು ಹೇಳಿದ ಯಾರಿಗಾದರೂ ಅದು ಮನೆಯ ಚಿತ್ರ ತೋರಿಸಲು ಸಿದ್ಧವಾಗಿರುತ್ತದೆ. ಕೇಳುತ್ತಿರುವುದು ಮಗಳೋ ಅಪರಿಚಿತನೋ ಎಂದು ತಿಳಿಯಲು ಅದಕ್ಕಿರುವ ದಾರಿ ಪಾಸ್‌ವರ್ಡ್ ಒಂದೇ.

2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾ ದೃಶ್ಯಗಳು ಯೂಟ್ಯೂಬ್ ಮತ್ತು ಟೆಲಿಗ್ರಾಂನಲ್ಲಿ ಕಾಣಿಸಿಕೊಂಡವು. ವೈದ್ಯರ ತಪಾಸಣೆಗೆ ಒಳಗಾಗುತ್ತಿದ್ದ ಮಹಿಳೆಯರ ದೃಶ್ಯಗಳು ಹಣಕ್ಕೆ ಮಾರಾಟವಾಗಿದ್ದವು. ಆ ವ್ಯವಸ್ಥೆಗೆ ಇದ್ದ ಪಾಸ್‌ವರ್ಡ್ `admin123` ಎಂದು ತನಿಖೆಯ ವರದಿಗಳು ತಿಳಿಸಿದವು. ಇಂಥದ್ದನ್ನು ಪತ್ತೆ ಮಾಡಲು ದೊಡ್ಡ ವಿದ್ಯೆಯೇನೂ ಬೇಕಿಲ್ಲ. ಸಾಮಾನ್ಯವಾಗಿ ಬಳಕೆಯಲ್ಲಿರುವ ಹೆಸರು ಮತ್ತು ಪಾಸ್‌ವರ್ಡ್‌ಗಳ ಪಟ್ಟಿಯನ್ನು ಒಂದು ಪ್ರೋಗ್ರಾಂಗೆ ಕೊಟ್ಟರೆ, ಅದು ಇಂಟರ್‌ನೆಟ್ಟಿನಲ್ಲಿ ಕಾಣುವ ಡಿವಿಆರ್‌ಗಳನ್ನು ಒಂದೊಂದಾಗಿ ತಟ್ಟುತ್ತಾ ಹೋಗುತ್ತದೆ. 2016ರಲ್ಲಿ ಲಕ್ಷಾಂತರ ಕ್ಯಾಮೆರಾ ಮತ್ತು ಡಿವಿಆರ್‌ಗಳನ್ನು ವಶಪಡಿಸಿಕೊಂಡ ಮಿರಾಯ್ ಎಂಬ ದುಷ್ಟ ತಂತ್ರಾಂಶದ ಬಳಿ ಇದ್ದದ್ದು ಸುಮಾರು 60 ಜೋಡಿಗಳ ಪಟ್ಟಿ ಮಾತ್ರ. ಮನೆಗೆ ಬರುವ ಅಪಾಯವೂ ಬಹುಪಾಲು ಇದೇ ಬಗೆಯದು. ಒಬ್ಬ ಜಾಣ ಕಳ್ಳ ಒಂದು ಮನೆಯನ್ನೇ ಗುರಿಯಿಟ್ಟು ಬರುವುದು ಅಪರೂಪ, ತೆರೆದ ಬಾಗಿಲು ಎಲ್ಲಿದೆ ಎಂದು ಯಂತ್ರವೇ ಊರೆಲ್ಲ ಹುಡುಕಿಕೊಂಡು ಬರುತ್ತದೆ.

ಮಾಡಬೇಕಾದ ಕೆಲಸವನ್ನು ಒಂದು ಮನೆಯ ಉದಾಹರಣೆಯಿಂದ ನೋಡಬಹುದು. ದಾವಣಗೆರೆಯಂಥ ಊರಿನಲ್ಲಿ ವಯಸ್ಸಾದ ದಂಪತಿ ಇರುವ ಮನೆ, ಮಗಳು ಬೆಂಗಳೂರಿನಲ್ಲಿ. 2017ರಲ್ಲಿ ಹಾಕಿಸಿದ ನಾಲ್ಕು ಚಾನೆಲ್ಲಿನ ಡಿವಿಆರ್. ಗೇಟು, ಜಗಲಿ, ಹಿತ್ತಲು ಮತ್ತು ನಡುಮನೆಯಲ್ಲಿ ಒಂದೊಂದು ಕ್ಯಾಮೆರಾ, ನಾಲ್ಕಕ್ಕೂ ಟಿವಿ ಕೇಬಲ್ಲಿನಂಥ ದುಂಡನೆಯ ಕೇಬಲ್. ಹಾಕಿಕೊಟ್ಟ ಟೆಕ್ನಿಷಿಯನ್ ಅಂದೇ ಮಗಳ ಮೊಬೈಲಿನಲ್ಲಿ ಆಪ್ ಹಾಕಿ, ಡಿವಿಆರ್ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಚಿತ್ರ ಬರುವಂತೆ ಮಾಡಿ ಹೋದ. ಆಮೇಲೆ ಯಾರೂ ಆ ಪೆಟ್ಟಿಗೆಯ ಸೆಟ್ಟಿಂಗ್ ಮುಟ್ಟಿಲ್ಲ. ಕರ್ನಾಟಕದ ಸಾವಿರಾರು ಮನೆಗಳ ಸ್ಥಿತಿ ಇದೇ.

ಈ ಮನೆಯಲ್ಲಿ ಪಾಸ್‌ವರ್ಡ್ ಬದಲಿಸಬೇಕಾದದ್ದು ಡಿವಿಆರ್‌ನಲ್ಲಿ ಮಾತ್ರ. ದುಂಡನೆಯ ಕೇಬಲ್ಲಿನ ಕ್ಯಾಮೆರಾಗಳಿಗೆ ಸ್ವಂತ ಪಾಸ್‌ವರ್ಡ್ ಇರುವುದಿಲ್ಲ, ಅವು ಚಿತ್ರವನ್ನು ಡಿವಿಆರ್‌ಗೆ ತಲುಪಿಸುತ್ತವೆ, ಅಷ್ಟೆ. ಆದರೆ ಲ್ಯಾನ್ ಕೇಬಲ್ ಅಥವಾ ವೈ-ಫೈ ಮೂಲಕ ಕೆಲಸ ಮಾಡುವ ಐಪಿ ಕ್ಯಾಮೆರಾಗಳಾದರೆ ಒಂದೊಂದೂ ಬೇರೆ ಕಂಪ್ಯೂಟರ್, ಒಂದೊಂದಕ್ಕೂ ಬೇರೆ ಪಾಸ್‌ವರ್ಡ್. ಅಲ್ಲಿ ಕ್ಯಾಮೆರಾದ ಪಾಸ್‌ವರ್ಡ್ ಬದಲಿಸಿ, ಚಿತ್ರ ದಾಖಲಿಸುವ ಎನ್‌ವಿಆರ್ ಪೆಟ್ಟಿಗೆಗೆ ಹೊಸದನ್ನು ತಿಳಿಸದಿದ್ದರೆ ಆ ಚಾನೆಲ್ ಕಪ್ಪಾಗುತ್ತದೆ. ಅನೇಕರು ಗಾಬರಿಯಾಗಿ ಹಳೆಯದಕ್ಕೇ ಮರಳುವುದು ಈ ಹಂತದಲ್ಲಿ. ಎನ್‌ವಿಆರ್‌ನ ಕ್ಯಾಮೆರಾ ಪಟ್ಟಿಯಲ್ಲಿ ಹೊಸ ಪಾಸ್‌ವರ್ಡ್ ತುಂಬಿದರೆ ಚಿತ್ರ ಮರಳಿ ಬರುತ್ತದೆ.

ಡಿವಿಆರ್‌ಗೆ ಮೌಸ್ ಮತ್ತು ಟಿವಿ ಜೋಡಿಸಿದರೆ ಮೆನುವಿನಲ್ಲಿ Account ಅಥವಾ User ಎಂಬ ಜಾಗ ಸಿಗುತ್ತದೆ. ಅಲ್ಲಿ ಮೊದಲು ನೋಡಬೇಕಾದದ್ದು ಹೆಸರುಗಳ ಪಟ್ಟಿಯನ್ನು. `admin` ಒಂದೇ ಇದ್ದರೆ ಕೆಲಸ ಹಗುರ. ಕೆಲವು ಹಳೆಯ ಡಿವಿಆರ್‌ಗಳಲ್ಲಿ `888888`, `666666`, `default` ಎಂಬ ಖಾತೆಗಳೂ ಕಾರ್ಖಾನೆಯಿಂದಲೇ ಬಂದಿರುತ್ತವೆ, ಅವುಗಳ ಪಾಸ್‌ವರ್ಡ್ ಆ ಹೆಸರೇ ಆಗಿರುವುದೂ ಉಂಟು. `admin` ಖಾತೆಯನ್ನು ಭದ್ರಮಾಡಿ ಇವುಗಳನ್ನು ಹಾಗೆಯೇ ಬಿಟ್ಟರೆ, ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ಅರೆತೆರೆದು ಬಿಟ್ಟಂತೆ. ಅಳಿಸಲು ಬಂದರೆ ಅಳಿಸಬೇಕು, ಇಲ್ಲದಿದ್ದರೆ ಅವುಗಳ ಪಾಸ್‌ವರ್ಡನ್ನೂ ಬದಲಿಸಬೇಕು.

ಹೊಸ ಪಾಸ್‌ವರ್ಡ್ ಕನಿಷ್ಠ 12 ಅಕ್ಷರದ್ದಿರಲಿ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಕೂಡಿಸಿ ನಡುವೆ ಅಂಕಿ ಸೇರಿಸಿದರೆ ನೆನಪಿಗೂ ಸುಲಭ, ಊಹೆಗೂ ಕಷ್ಟ. ಹಲವು ಡಿವಿಆರ್‌ಗಳು 16 ಅಕ್ಷರ ದಾಟಿದರೆ ಒಪ್ಪುವುದಿಲ್ಲ, ಕೆಲವು ಚಿಹ್ನೆಗಳನ್ನೂ ನಿರಾಕರಿಸುತ್ತವೆ. ಮನೆಯ ಹೆಸರು, ಮೊಬೈಲ್ ಸಂಖ್ಯೆ, ಹುಟ್ಟಿದ ದಿನ ಬೇಡ. ಬ್ಯಾಂಕಿಗೋ ಇಮೇಲಿಗೋ ಬಳಸಿದ್ದಂತೂ ಬೇಡವೇ ಬೇಡ, ಏಕೆಂದರೆ ಬೇರೆಲ್ಲೋ ಸೋರಿಕೆಯಾದ ಪಾಸ್‌ವರ್ಡನ್ನು ಇಲ್ಲಿಯೂ ಪ್ರಯೋಗಿಸುವುದು ಕಳ್ಳರ ರೂಢಿ. ಹೊಸದನ್ನು ಒಂದು ಕಾಗದದಲ್ಲಿ ಬರೆದು ಬೀರುವಿನಲ್ಲಿ ಇಡುವುದು ತಪ್ಪಲ್ಲ. ದೂರದ ದೇಶದಲ್ಲಿ ಕುಳಿತು ಬಾಗಿಲು ತಟ್ಟುವವನಿಗೆ ಆ ಬೀರು ಸಿಗುವುದಿಲ್ಲ. ಡಿವಿಆರ್ ಪೆಟ್ಟಿಗೆಯ ಮೇಲೆಯೇ ಚೀಟಿ ಅಂಟಿಸುವುದು ಮಾತ್ರ ತಪ್ಪು.

ಈ ಹಂತದಲ್ಲಿ ಒಂದು ಸಣ್ಣ ತೊಡಕು ಬರುತ್ತದೆ. ಮನೆಯವರ ಫೋನುಗಳಲ್ಲಿರುವ ಆಪ್‌ಗಳು ಹಳೆಯ ಪಾಸ್‌ವರ್ಡನ್ನು ಹಿಡಿದು ತಾವಾಗಿಯೇ ಮತ್ತೆ ಮತ್ತೆ ಪ್ರಯತ್ನಿಸುತ್ತವೆ. ನಾಲ್ಕೈದು ಸಲ ತಪ್ಪಾದರೆ ಡಿವಿಆರ್ ಆ ಖಾತೆಗೆ ಅರ್ಧ ಗಂಟೆಯಷ್ಟು ಕಾಲ ಬೀಗ ಹಾಕುತ್ತದೆ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತೆರೆಯುವುದಿಲ್ಲ. ಪಾಸ್‌ವರ್ಡ್ ಮರೆತುಹೋಯಿತೆಂದು ಭಾವಿಸಿ ಪೆಟ್ಟಿಗೆಯನ್ನು ರಿಪೇರಿಗೆ ಒಯ್ಯಬೇಕಿಲ್ಲ. ಫೋನುಗಳಲ್ಲಿನ ಆಪ್ ಮುಚ್ಚಿ, ಸ್ವಲ್ಪ ಹೊತ್ತು ಕಾದರೆ ಸರಿಹೋಗುತ್ತದೆ. ಇನ್ನೂ ಒಳ್ಳೆಯ ಕ್ರಮವೆಂದರೆ, ನೋಡುವುದಕ್ಕಷ್ಟೇ ಅನುಮತಿಯಿರುವ ಬೇರೊಂದು ಖಾತೆ ಮಾಡಿ ಫೋನುಗಳಿಗೆ ಅದನ್ನು ಕೊಡುವುದು. `admin` ಖಾತೆ ಟಿವಿಯ ಮುಂದೆ ಕುಳಿತು ಸೆಟ್ಟಿಂಗ್ ಬದಲಿಸುವಾಗ ಮಾತ್ರ ಬಳಕೆಯಾಗಲಿ. ಆಗ ಫೋನು ಕಳೆದುಹೋದರೂ ಡಿವಿಆರ್‌ನ ಆಡಳಿತ ಕೈತಪ್ಪುವುದಿಲ್ಲ.

ಇಷ್ಟಾದರೂ ಒಬ್ಬ ವ್ಯಕ್ತಿ ಉಳಿದಿರಬಹುದು, ಕ್ಯಾಮೆರಾ ಹಾಕಿಕೊಟ್ಟ ಟೆಕ್ನಿಷಿಯನ್. ಸರ್ವಿಸ್‌ಗೆ ಅನುಕೂಲವಾಗಲೆಂದು ಹಲವರು ತಾವು ಕೆಲಸ ಮಾಡಿದ ಎಲ್ಲ ಮನೆಗಳಿಗೂ ಒಂದೇ ಪಾಸ್‌ವರ್ಡ್ ಇಡುತ್ತಾರೆ, ತಮ್ಮ ಫೋನಿನಲ್ಲೂ ಆ ಮನೆಯನ್ನು ಸೇರಿಸಿಕೊಂಡಿರುತ್ತಾರೆ. ಅದರಲ್ಲಿ ದುರುದ್ದೇಶ ಇರಬೇಕೆಂದಿಲ್ಲ. ಆದರೆ ಆತನ ಒಂದು ಪಾಸ್‌ವರ್ಡ್ ಹೊರಬಿದ್ದರೆ ಬೀದಿಯ ಮನೆಗಳೆಲ್ಲ ತೆರೆದುಕೊಳ್ಳುತ್ತವೆ. ಕೆಲವು ಕಂಪನಿಗಳ ಆಪ್‌ಗಳಲ್ಲಿ ಡಿವಿಆರ್‌ನ ಪಾಸ್‌ವರ್ಡ್ ಬದಲಾದೊಡನೆ ಹಳೆಯ ಫೋನುಗಳೆಲ್ಲ ಹೊರಬೀಳುತ್ತವೆ. ಬೇರೆ ಕೆಲವು ಆಪ್‌ಗಳಲ್ಲಿ ಡಿವಿಆರ್ ಒಬ್ಬನೇ ‘ಮಾಲೀಕ’ನ ಖಾತೆಗೆ ಅಂಟಿಕೊಂಡಿರುತ್ತದೆ. ಆ ಖಾತೆ ಟೆಕ್ನಿಷಿಯನ್ನನದಾಗಿದ್ದರೆ ಮನೆಯವರು ನೋಡುತ್ತಿರುವುದು ಆತ ಹಂಚಿಕೊಟ್ಟದ್ದನ್ನು. ಇದನ್ನು ಕಂಡುಹಿಡಿಯುವುದು ಸುಲಭ. ಆಪ್‌ನಲ್ಲಿ ಕ್ಯಾಮೆರಾದ ಹೆಸರಿನ ಪಕ್ಕ ‘ಹಂಚಿಕೊಂಡದ್ದು’ ಎಂಬರ್ಥದ Shared ಎಂಬ ಗುರುತಿದ್ದರೆ ಮಾಲೀಕ ಬೇರೆಯವನು. ಆತನಿಗೆ ಹೇಳಿ ಅವನ ಖಾತೆಯಿಂದ ಡಿವಿಆರ್ ತೆಗೆಸಿ, ಮನೆಯವರ ಹೆಸರಿನಲ್ಲಿ ಹೊಸದಾಗಿ ಸೇರಿಸಬೇಕು. ಕೇಳಲು ಸಂಕೋಚಪಡುವ ಮಾತಲ್ಲ ಇದು.

ಪಾಸ್‌ವರ್ಡ್ ಗಟ್ಟಿಯಾದ ಮೇಲಿನ ಪ್ರಶ್ನೆ, ಹೊರಗಿನಿಂದ ಈ ಪೆಟ್ಟಿಗೆಯವರೆಗೆ ಬರಲು ದಾರಿ ಏಕಿರಬೇಕು ಎಂಬುದು. ದಾರಿ ಎರಡು ಬಗೆಯದು. ಮೊದಲನೆಯದು ರೌಟರ್‌ನಲ್ಲಿ ತೆರೆದ ಕಿಂಡಿ. ರೌಟರ್ ಸಾಮಾನ್ಯವಾಗಿ ಹೊರಗಿನಿಂದ ಬಂದ ಕರೆಗಳನ್ನು ಒಳಗೆ ಬಿಡುವುದಿಲ್ಲ. ಹಿಂದೆಲ್ಲ ಟೆಕ್ನಿಷಿಯನ್‌ಗಳು ಪೋರ್ಟ್ ಫಾರ್ವರ್ಡಿಂಗ್ ಮಾಡಿ, ಅಂದರೆ ಇಂಥ ಸಂಖ್ಯೆಯ ಬಾಗಿಲಿಗೆ ಬಂದವರನ್ನು ಡಿವಿಆರ್‌ಗೆ ಕಳಿಸು ಎಂದು ರೌಟರ್‌ಗೆ ಹೇಳಿ, ಹೊರಗಿನಿಂದ ಚಿತ್ರ ನೋಡುವಂತೆ ಮಾಡುತ್ತಿದ್ದರು. UPnP ಎಂಬ ಸೌಲಭ್ಯ ಚಾಲೂ ಇದ್ದರೆ ಡಿವಿಆರ್ ಯಾರನ್ನೂ ಕೇಳದೆ ತಾನೇ ರೌಟರ್‌ಗೆ ಹೇಳಿ ಈ ಕಿಂಡಿ ತೆರೆಸುತ್ತದೆ. ಹೀಗೆ ತೆರೆದವುಗಳನ್ನು ಹುಡುಕಿ ಪಟ್ಟಿ ಮಾಡುವ ಶೋಡಾನ್ ಎಂಬ ಹುಡುಕುತಾಣ 2009ರಿಂದಲೇ ಇದೆ. ಆದ್ದರಿಂದ ಬಾಗಿಲಿನ ಸಂಖ್ಯೆಯನ್ನು 80ರಿಂದ 8085ಕ್ಕೆ ಬದಲಿಸಿದರೆ ಸಾಕು ಎಂಬ ಸಲಹೆಗೆ ಬೆಲೆಯಿಲ್ಲ.

ಇದನ್ನು ಮುಚ್ಚಲು ಎರಡು ಕಡೆ ಕೈಯಾಡಿಸಬೇಕು. ಡಿವಿಆರ್‌ನ Network ಮೆನುವಿನಲ್ಲಿ UPnP ಎದುರಿನ ಗುರುತು ತೆಗೆಯಬೇಕು. ರೌಟರ್‌ನ ಪುಟದಲ್ಲಿಯೂ UPnP ನಿಲ್ಲಿಸಿ, Port Forwarding, Virtual Server, DMZ ಎಂಬ ಹೆಸರಿನ ಪಟ್ಟಿಗಳಲ್ಲಿ ಡಿವಿಆರ್‌ನ ವಿಳಾಸ ಕಂಡರೆ ಅಳಿಸಬೇಕು. ಒಂದೇ ಕಡೆ ಮಾಡಿದರೆ ಹಳೆಯ ನಮೂದು ಉಳಿದುಕೊಳ್ಳುತ್ತದೆ. ಪರೀಕ್ಷಿಸುವ ಬಗೆ ಹೀಗೆ: ಮನೆಯ ವೈ-ಫೈನಲ್ಲಿದ್ದಾಗ ‘ನನ್ನ ಐಪಿ’ ತೋರಿಸುವ ಯಾವುದಾದರೂ ತಾಣದಲ್ಲಿ ಮನೆಯ ಹೊರ ವಿಳಾಸ ಬರೆದುಕೊಳ್ಳಬೇಕು. ನಂತರ ಫೋನಿನ ವೈ-ಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಬ್ರೌಸರ್ ತೆರೆದು ಆ ವಿಳಾಸವನ್ನೂ, ಅಳಿಸಿದ ಪಟ್ಟಿಯಲ್ಲಿದ್ದ ಬಾಗಿಲಿನ ಸಂಖ್ಯೆಯನ್ನೂ ಟೈಪ್ ಮಾಡಬೇಕು. ಡಿವಿಆರ್‌ನ ಲಾಗಿನ್ ಪುಟ ಬಂದರೆ ಕಿಂಡಿ ಇನ್ನೂ ತೆರೆದಿದೆ. ಏನೂ ಬಾರದೆ ಕಾಯುತ್ತಲೇ ಇದ್ದರೆ ಆ ಕಿಂಡಿ ಮುಚ್ಚಿದೆ.

ರೌಟರ್ ಪುಟದಲ್ಲಿ ಕಾಣುವ WAN ವಿಳಾಸ 100.64ರಿಂದ 100.127ರ ನಡುವೆ ಆರಂಭವಾಗುತ್ತಿದ್ದರೆ, ಇಂಟರ್‌ನೆಟ್ ಕಂಪನಿ ಒಂದೇ ಹೊರ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಿದೆ ಎಂದರ್ಥ. ಅಂಥ ಮನೆಗಳಿಗೆ ಈ ವಿಳಾಸದ ಮೂಲಕ ಹೊರಗಿನಿಂದ ನೇರ ಬರಲಾಗದು. ಹಾಗಿದ್ದೂ ದಾವಣಗೆರೆಯ ಚಿತ್ರ ಬೆಂಗಳೂರಿನ ಫೋನಿಗೆ ಬರುತ್ತಿದೆಯೆಂದರೆ ಅದು ಎರಡನೆಯ ದಾರಿಯಲ್ಲಿ, ತೆರೆಯ ಮೇಲೆ P2P ಅಥವಾ Platform Access ಎಂದು ಕಾಣುವ ದಾರಿಯಲ್ಲಿ ಬರುತ್ತಿದೆ. ಇಲ್ಲಿ ಡಿವಿಆರ್ ತಾನೇ ಹೊರಟು ಕಂಪನಿಯ ಸರ್ವರ್‌ಗೆ ಕೈಚಾಚಿ ಹಿಡಿದುಕೊಂಡಿರುತ್ತದೆ. ಫೋನು ಕೂಡ ಅದೇ ಸರ್ವರ್‌ಗೆ ಹೋಗಿ, ಕ್ಯೂಆರ್ ಕೋಡಿನಲ್ಲಿದ್ದ ಸಂಖ್ಯೆಯನ್ನು ಹೇಳಿ, ಡಿವಿಆರ್‌ನ ಜೊತೆ ಸೇರಿಕೊಳ್ಳುತ್ತದೆ. ರೌಟರ್‌ನಲ್ಲಿ ಕಿಂಡಿಯೇ ಬೇಕಿಲ್ಲ. ಅನುಕೂಲವೇನೋ ನಿಜ, ಆದರೆ ಭದ್ರತೆ ಪೂರ್ತಿಯಾಗಿ ಆ ಸಂಖ್ಯೆ, ಪಾಸ್‌ವರ್ಡ್ ಮತ್ತು ಕಂಪನಿಯ ಜಾಗರೂಕತೆಯ ಮೇಲೆ ನಿಂತಿರುತ್ತದೆ. 2019ರಲ್ಲಿ ಭದ್ರತಾ ಸಂಶೋಧಕ ಪಾಲ್ ಮರಪೀಸ್, ಅಗ್ಗದ ಅನೇಕ ಬ್ರ್ಯಾಂಡ್‌ಗಳು ಬಳಸುತ್ತಿದ್ದ ಇಂಥದೊಂದು ತಂತ್ರಾಂಶದಲ್ಲಿ ಆ ಸಂಖ್ಯೆಗಳನ್ನು ಊಹಿಸಬಹುದೆಂದು ತೋರಿಸಿದರು. 20 ಲಕ್ಷಕ್ಕೂ ಹೆಚ್ಚು ಸಾಧನಗಳು ಅದರ ವ್ಯಾಪ್ತಿಗೆ ಬಂದವು.

ದೂರದಿಂದ ನೋಡುವವರು ಯಾರೂ ಇಲ್ಲದಿದ್ದರೆ P2P ಗುರುತನ್ನು ತೆಗೆದುಬಿಡುವುದೇ ಸರಿ. ಕಳ್ಳತನವಾದರೆ ಆಮೇಲೆ ದೃಶ್ಯ ತೆಗೆದು ನೋಡಲು ಇಂಟರ್‌ನೆಟ್ ಬೇಕಿಲ್ಲ, ಹಾರ್ಡ್ ಡಿಸ್ಕ್ ಇದ್ದರೆ ಸಾಕು. ಅಂಥ ಮನೆಗಳಲ್ಲಿ ಡಿವಿಆರ್‌ನ ಲ್ಯಾನ್ ಕೇಬಲ್ಲನ್ನೇ ಕಿತ್ತಿಟ್ಟರೂ ದಾಖಲಾತಿ ನಡೆದೇ ಇರುತ್ತದೆ. ಫೋನಿಗೆ ಬರುತ್ತಿದ್ದ ಎಚ್ಚರಿಕೆಗಳು ಮಾತ್ರ ನಿಲ್ಲುತ್ತವೆ. ಇನ್ನೊಂದು ಬದಲಾವಣೆ ಯಾರ ಗಮನಕ್ಕೂ ಬಾರದೆ ಆಗುತ್ತದೆ: ಇಂಟರ್‌ನೆಟ್‌ನಿಂದ ಸಮಯ ಸರಿಪಡಿಸಿಕೊಳ್ಳುತ್ತಿದ್ದ ಡಿವಿಆರ್‌ನ ಗಡಿಯಾರ ನಿಧಾನವಾಗಿ ಹಿಂದೆ ಮುಂದೆ ಸರಿಯುತ್ತದೆ. ದೃಶ್ಯದ ಮೇಲೆ ಮುದ್ರಿತವಾಗುವ ಸಮಯ ತಪ್ಪಾದರೆ ಪೊಲೀಸರಿಗೆ ಒಪ್ಪಿಸಿದಾಗ ಗೊಂದಲವಾಗುತ್ತದೆ. ತಿಂಗಳಿಗೊಮ್ಮೆ ಫೋನಿನ ಗಡಿಯಾರ ನೋಡಿ ಸರಿಮಾಡಿದರೆ ಸಾಕು.

ಉದಾಹರಣೆಯ ಮನೆಯಲ್ಲಿ ಹಾಗೆ ಮಾಡಲು ಬಾರದು. ಅಪ್ಪ ಅಮ್ಮ ಹೇಗಿದ್ದಾರೆಂದು ಮಗಳು ನೋಡಲೇಬೇಕು. ಅಲ್ಲಿ P2P ಇಟ್ಟುಕೊಂಡು, ಆಪ್‌ನ ಖಾತೆಗೆ ಒಟಿಪಿಯ ಎರಡನೇ ಹಂತವನ್ನು ಚಾಲೂ ಮಾಡಿ, ಹಂಚಿಕೆ ಪಟ್ಟಿಯಲ್ಲಿ ಮಗಳೊಬ್ಬಳನ್ನೇ ಉಳಿಸುವುದು ಸಾಧ್ಯವಿರುವ ಮಧ್ಯದ ದಾರಿ. ಹೊರಗಿನ ದೃಶ್ಯ ಸಾಕೆಂದಾದರೆ ನಡುಮನೆಯ ಚಾನೆಲ್ಲಿಗೆ ಅವಳ ಖಾತೆಯಲ್ಲಿ ಅನುಮತಿ ಕೊಡದೆಯೂ ಇರಬಹುದು. ಆಗ ಆ ಖಾತೆಯ ಪಾಸ್‌ವರ್ಡ್ ಕದ್ದವನಿಗೂ ಗೇಟು, ಜಗಲಿ ಮತ್ತು ಹಿತ್ತಲು ಕಾಣುತ್ತವೆಯೇ ಹೊರತು ಮನೆಯೊಳಗು ಕಾಣುವುದಿಲ್ಲ.

ಪಾಸ್‌ವರ್ಡ್ ಎಷ್ಟೇ ಗಟ್ಟಿಯಿದ್ದರೂ ಅದನ್ನು ಕೇಳುವ ತಂತ್ರಾಂಶದಲ್ಲೇ ಬಿರುಕಿದ್ದರೆ ಪ್ರಯೋಜನವಿಲ್ಲ. 2021ರ ಸೆಪ್ಟೆಂಬರಿನಲ್ಲಿ ಹಿಕ್‌ವಿಷನ್ ಕ್ಯಾಮೆರಾಗಳಲ್ಲಿ ಹೊರಬಿದ್ದ CVE-2021-36260 ಎಂಬ ದೋಷ ಇಂಥದ್ದು. ಹೆಸರು, ಪಾಸ್‌ವರ್ಡ್ ಏನೂ ಇಲ್ಲದೆ ಕ್ಯಾಮೆರಾವನ್ನು ಪೂರ್ತಿ ವಶಮಾಡಿಕೊಳ್ಳಲು ಅದು ಅವಕಾಶ ಕೊಡುತ್ತಿತ್ತು, ಅದರ ತೀವ್ರತೆಗೆ 10ಕ್ಕೆ 9.8 ಅಂಕ ಕೊಡಲಾಗಿತ್ತು. ಕಂಪನಿ ಆಗಲೇ ಪರಿಹಾರದ ಫರ್ಮ್‌ವೇರ್ ಬಿಡುಗಡೆ ಮಾಡಿತು. ಫರ್ಮ್‌ವೇರ್ ಎಂದರೆ ಆ ಪೆಟ್ಟಿಗೆಯನ್ನು ನಡೆಸುವ ಮೂಲ ತಂತ್ರಾಂಶ. ಸುಮಾರು ಒಂದು ವರ್ಷದ ನಂತರ, 2022ರ ಆಗಸ್ಟ್‌ನಲ್ಲಿ ಒಂದು ಭದ್ರತಾ ಸಂಸ್ಥೆ ಎಣಿಸಿದಾಗ ಅದನ್ನು ಹಾಕಿಕೊಳ್ಳದ 80,000ಕ್ಕೂ ಹೆಚ್ಚು ಕ್ಯಾಮೆರಾಗಳು ಇಂಟರ್‌ನೆಟ್ಟಿನಲ್ಲಿ ಕಂಡವು. ಫೋನಿನಂತೆ ಕ್ಯಾಮೆರಾ ತಾನಾಗಿ ಅಪ್‌ಡೇಟ್ ಆಗುತ್ತದೆ ಎಂಬ ನಂಬಿಕೆ ಹಲವು ಮಾದರಿಗಳ ಮಟ್ಟಿಗೆ ಸುಳ್ಳು.

ಅಪ್‌ಡೇಟ್ ಮಾಡುವ ಮುನ್ನ Version ಅಥವಾ System Info ಪುಟದ ಫೋಟೋ ತೆಗೆದುಕೊಳ್ಳಬೇಕು. ಅದರಲ್ಲಿ ಮಾದರಿಯ ಪೂರ್ಣ ಹೆಸರು, ಆವೃತ್ತಿ, ತಯಾರಾದ ದಿನಾಂಕ ಇರುತ್ತವೆ. ಕಂಪನಿಯ ಭಾರತದ ತಾಣದಲ್ಲಿ ಅದೇ ಮಾದರಿಯ ಫೈಲ್ ಹುಡುಕಬೇಕು. ಮಾದರಿಯ ಹೆಸರಿನಲ್ಲಿ ಕೊನೆಯ ಒಂದು ಅಕ್ಷರ ಬೇರೆಯಾದರೂ ಅದು ಬೇರೆ ಯಂತ್ರ. ತಪ್ಪು ಫೈಲ್ ಹಾಕಿದ ಡಿವಿಆರ್ ಮತ್ತೆ ಏಳದೆ ಹೋಗಬಹುದು. ಸರಿಯಾದ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ, ಈಗಿನ ಸೆಟ್ಟಿಂಗ್‌ಗಳ ಪ್ರತಿಯನ್ನು ಬೇರೆ ಇಟ್ಟುಕೊಂಡು, Upgrade ಒತ್ತಬೇಕು. ಐದು ಹತ್ತು ನಿಮಿಷ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಕರೆಂಟ್ ಹೋದರೆ ಪೆಟ್ಟಿಗೆ ಕೆಡಬಹುದು, ಹಾಗಾಗಿ ಯುಪಿಎಸ್ ಇಲ್ಲದ ಮನೆಯಲ್ಲಿ ಲೋಡ್‌ಶೆಡ್ಡಿಂಗ್ ಇಲ್ಲದ ಹೊತ್ತು ನೋಡಿ ಕೂರಬೇಕು. ಮುಗಿದ ಮೇಲೆ UPnP ಮತ್ತು P2P ಮತ್ತೆ ಚಾಲೂ ಆಗಿವೆಯೇ ಎಂದು ನೋಡಲೇಬೇಕು. ಕೆಲವು ಅಪ್‌ಡೇಟ್‌ಗಳು ಸೆಟ್ಟಿಂಗನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸುತ್ತವೆ.

ಹೆಸರಿಲ್ಲದ ಅಗ್ಗದ ಡಿವಿಆರ್‌ಗಳಿಗೆ ಹಾಕಲು ಫೈಲೇ ಸಿಗುವುದಿಲ್ಲ. ಮಿರಾಯ್ ಪ್ರಕರಣದಲ್ಲಿ ಸಿಕ್ಕಿಬಿದ್ದ ಹಲವು ಪೆಟ್ಟಿಗೆಗಳಲ್ಲಿ `root` ಹೆಸರಿಗೆ `xc3511` ಎಂಬ ಪಾಸ್‌ವರ್ಡ್ ತಂತ್ರಾಂಶದೊಳಗೇ ಬರೆದಿಡಲಾಗಿತ್ತು. ಮೆನುವಿನಲ್ಲಿ `admin` ಪಾಸ್‌ವರ್ಡ್ ಬದಲಿಸಿದರೂ ಅದು ಹಾಗೆಯೇ ಉಳಿಯುತ್ತಿತ್ತು. ಅಂಥದಕ್ಕೆ ಇರುವ ಮದ್ದು ಇಂಟರ್‌ನೆಟ್ ಕೇಬಲ್ ಕೀಳುವುದೊಂದೇ. ಭಾರತದಲ್ಲಿ 2025ರ ಏಪ್ರಿಲ್ 9ರಿಂದ ಹೊಸ ಸಿಸಿಟಿವಿ ಕ್ಯಾಮೆರಾಗಳು ಸರ್ಕಾರ ಗೊತ್ತುಮಾಡಿದ ಭದ್ರತಾ ಪರೀಕ್ಷೆಗೆ ಒಳಗಾಗಬೇಕೆಂಬ ನಿಯಮವಿದೆ. ಗೋಡೆಯ ಮೇಲೆ ಆಗಲೇ ಇರುವ ಹಳೆಯ ಕ್ಯಾಮೆರಾಗಳನ್ನು ಆ ನಿಯಮ ಸರಿಪಡಿಸುವುದಿಲ್ಲ.

ಯಾರಾದರೂ ಆಗಲೇ ಒಳಗೆ ಬಂದಿದ್ದಾರೆಯೇ ಎಂದು ತಿಳಿಯಲು ಡಿವಿಆರ್‌ನ Log ಪುಟ ನೋಡಬೇಕು. ಯಾವ ಖಾತೆ, ಯಾವ ಹೊತ್ತಿಗೆ, ಯಾವ ವಿಳಾಸದಿಂದ ಒಳಬಂದಿತು ಎಂಬುದು ಅಲ್ಲಿರುತ್ತದೆ. ಮನೆಯೊಳಗಿನ ಫೋನುಗಳ ವಿಳಾಸ ಸಾಮಾನ್ಯವಾಗಿ 192.168 ಎಂದು ಆರಂಭವಾಗುತ್ತದೆ. ನಡುರಾತ್ರಿ ಎರಡು ಗಂಟೆಗೆ ಗುರುತಿಲ್ಲದ ವಿಳಾಸ, ಯಾರೂ ಮಾಡದ ಹೊಸ ಖಾತೆ, ತಿರುಗುವ ಕ್ಯಾಮೆರಾ ತಾನಾಗಿ ದಿಕ್ಕು ಬದಲಿಸಿರುವುದು, ಲಾಗ್ ಪೂರ್ತಿ ಖಾಲಿಯಾಗಿರುವುದು ಇವೆಲ್ಲ ಅನುಮಾನಕ್ಕೆ ಕಾರಣ. ಆಗ ಮೊದಲು ಲ್ಯಾನ್ ಕೇಬಲ್ ಕಿತ್ತು, ಲಾಗ್ ಪುಟಗಳ ಫೋಟೋ ತೆಗೆದು, ಆಮೇಲೆ ಉಳಿದ ಕೆಲಸಕ್ಕೆ ಕೈಹಾಕಬೇಕು. ಗಾಬರಿಯಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿದರೆ ಇದ್ದ ಸಾಕ್ಷ್ಯವೂ ಅಳಿದುಹೋಗಬಹುದು. ದೂರನ್ನು cybercrime.gov.in ತಾಣದಲ್ಲಿ, ಇಲ್ಲವೇ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ಕೊಡಬಹುದು. ಒಪ್ಪಿಗೆಯಿಲ್ಲದೆ ವ್ಯಕ್ತಿಯ ಖಾಸಗಿ ಅಂಗಗಳ ದೃಶ್ಯ ಸೆರೆಹಿಡಿಯುವುದು, ಪ್ರಕಟಿಸುವುದು ಅಥವಾ ಕಳಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರಕಾರ 3 ವರ್ಷದವರೆಗಿನ ಸೆರೆವಾಸಕ್ಕೆ ಅರ್ಹವಾದ ಅಪರಾಧ.

ಇಷ್ಟೆಲ್ಲ ಮಾಡಿದರೂ ಮನೆಯವರ ಕೈಮೀರಿದ ಒಂದು ಅಪಾಯ ಉಳಿಯುತ್ತದೆ. 2024ರ ಫೆಬ್ರುವರಿಯಲ್ಲಿ ಅಮೆರಿಕದ ವೈಜ್ ಕಂಪನಿಯ ಸರ್ವರ್‌ನಲ್ಲಿ ಆದ ತಪ್ಪಿನಿಂದ ಸುಮಾರು 13,000 ಗ್ರಾಹಕರ ಆಪ್‌ನಲ್ಲಿ ಬೇರೆಯವರ ಮನೆಯ ಚಿತ್ರಗಳು ಕಾಣಿಸಿಕೊಂಡವು. ಅಲ್ಲಿ ಯಾರೂ ಪಾಸ್‌ವರ್ಡ್ ಕದ್ದಿರಲಿಲ್ಲ. ಅಂಥ ತಪ್ಪಿಗೆ ಯಾವ ಸೆಟ್ಟಿಂಗೂ ತಡೆಯಲ್ಲ. ಆದ್ದರಿಂದ ಇಂಟರ್‌ನೆಟ್ಟಿಗೆ ಸೇರಿದ ಕ್ಯಾಮೆರಾವನ್ನು ಮಲಗುವ ಕೋಣೆಯಲ್ಲಿ, ಬಟ್ಟೆ ಬದಲಿಸುವ ಜಾಗದಲ್ಲಿ, ಮಗುವಿಗೆ ಹಾಲೂಡಿಸುವ ಮೂಲೆಯಲ್ಲಿ ಇಡಬೇಡಿ. ನಡುಮನೆಯಲ್ಲಿ ಇಡಲೇಬೇಕೆಂದಿದ್ದರೆ ಅದಕ್ಕೊಂದು ಬೇರೆ ಸ್ವಿಚ್ ಹಾಕಿಸಿ, ಎಲ್ಲರೂ ಮನೆಯಲ್ಲಿರುವಾಗ ಆರಿಸಿಡಿ.